ಮಸುಕಾದ ಬಬಲ್, ಎರಡು ಬಬಲ್: ಮೊಬೈಲ್ ಫೋಟೋದಿಂದ ಓಎಂಆರ್ ತಿದ್ದಿದ ನನ್ನ ಅನುಭವ

ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಅಭ್ಯಾಸ ಪರೀಕ್ಷೆ ಕೊಡುತ್ತೇನೆ. ಒಂದು ಪತ್ರಿಕೆಗೆ 90 ಪ್ರಶ್ನೆ. ಸ್ಕ್ಯಾನರ್ ಇಲ್ಲ, ಮೊಬೈಲಲ್ಲೇ ಫೋಟೋ. ಬಬಲ್ ತುಂಬಿದ ಆ ಉತ್ತರದ ಶೀಟು ತಿದ್ದಲು ಪೈಥಾನಿನಲ್ಲಿ ಒಂದು ಪ್ರೋಗ್ರಾಂ ಬರೆದೆ. ಶೀಟಿನ ನಾಲ್ಕು ಮೂಲೆಯ ಕಪ್ಪು ಚೌಕ ಹಿಡಿದು ಓಪನ್‌ಸಿವಿ ಎಂಬ ಇಮೇಜ್ ಲೈಬ್ರರಿಯಲ್ಲಿ ಫೋಟೋ ನೇರ ಮಾಡುವುದು ಸುಲಭವಾಗಿಯೇ ಆಯಿತು. ಕಷ್ಟ ಶುರುವಾಗಿದ್ದು ಬಬಲ್ ತುಂಬಿದೆಯೋ ಇಲ್ಲವೋ ಅನ್ನುವಲ್ಲಿ.

ಮೊದಲು ಇಡೀ ಫೋಟೋವನ್ನು ಒಂದೇ ಮಿತಿ ಇಟ್ಟು ಕಪ್ಪು-ಬಿಳಿ ಮಾಡಿದ್ದೆ. ಪೆನ್ಸಿಲ್ ಒತ್ತದೆ ತುಂಬುವ ಒಬ್ಬ ಹುಡುಗಿಗೆ 11 ಉತ್ತರ ಖಾಲಿ ಅಂತ ಬಂತು. ಶೀಟು ನೋಡಿದರೆ ಎಲ್ಲವೂ ತುಂಬಿವೆ. ಆ ಮಗುವಿನ ತಪ್ಪೇನಿದೆ ಹೇಳಿ? ಆಮೇಲೆ ಸುತ್ತಲಿನ ಬೆಳಕು ನೋಡಿ ಜಾಗಕ್ಕೊಂದು ಮಿತಿ ಇಡುವ ಅಡಾಪ್ಟಿವ್ ಥ್ರೆಶೋಲ್ಡ್ ಹಾಕಿದೆ. ಅದು ಸುತ್ತ ನೋಡುವ ಜಾಗದ ಅಳತೆ, ಅಂದರೆ ಬ್ಲಾಕ್ ಸೈಜ್, ಬಬಲ್‌ಗಿಂತ ಚಿಕ್ಕದಿತ್ತು, ಹಾಗಾಗಿ ಚೆನ್ನಾಗಿ ತುಂಬಿದ ಬಬಲ್ ಕೂಡ ಒಳಗೆ ಟೊಳ್ಳಾಗಿ ಬರೀ ಬಳೆಯ ಹಾಗೆ ಕಾಣಿಸಿತು.

ಕೊನೆಗೆ ಕಪ್ಪು-ಬಿಳಿ ಮಾಡುವುದನ್ನೇ ಬಿಟ್ಟು, ಗ್ರೇ ಫೋಟೋದಲ್ಲೇ ಅಳೆದೆ. ಬಬಲಿನ ಒಳಭಾಗದ ಸರಾಸರಿ ಬೆಳಕನ್ನು ಅದೇ ಸಾಲಿನ ಖಾಲಿ ಕಾಗದದ ಬೆಳಕಿನಿಂದ ಭಾಗಿಸಿದರೆ ನೆರಳಿನ ಕಾಟ ಬಹುಪಾಲು ಹೋಗುತ್ತದೆ. ಇನ್ನೊಂದು ವಿಷಯ, ಬಬಲಿನೊಳಗೆ ಅಚ್ಚಾದ ಅಕ್ಷರವೂ ಕಪ್ಪೇ ಅಲ್ವಾ, ಅದರಲ್ಲೂ B ಗೆ C ಗಿಂತ ಶಾಯಿ ಜಾಸ್ತಿ. ಅದಕ್ಕೆ 90 ಸಾಲುಗಳ ಎಲ್ಲ A ಗಳ ಕಪ್ಪನ್ನು ಕ್ರಮವಾಗಿ ಜೋಡಿಸಿ ನಡುವೆ ಬರುವುದು, ಅಂದರೆ ಮೀಡಿಯನ್, ಎಲ್ಲ B ಗಳ ಮೀಡಿಯನ್ ಹೀಗೆ ತೆಗೆದು ಕಳೆದೆ. ಯಾವ ಆಯ್ಕೆಯಲ್ಲೂ ಖಾಲಿ ಬಬಲುಗಳೇ ಹೆಚ್ಚು ಇರುವುದರಿಂದ ಆ ಮೀಡಿಯನ್ ಅಂದರೆ ಖಾಲಿ ಬಬಲಿನ ಕಪ್ಪು. ಒಂದು ಸಾಲಿನ ಲೆಕ್ಕ ಕೆಳಗಿದೆ: inner ಬಬಲಿನ ಒಳಗಿನ ಬೆಳಕು, paper ಕಾಗದದ ಬೆಳಕು, base ಆ ಮೀಡಿಯನ್, a ಅತಿ ಕಪ್ಪು ಬಬಲು, b ಅದರ ನಂತರದ್ದು.

```python
d = 1 - inner / paper - base
b, a = np.sort(d)[-2:]
if a < 0.08: r = "ಖಾಲಿ"
elif b > 0.7 * a: r = "ಎರಡು"
elif a > 0.15 and b < 0.35 * a: r = "ABCD"[d.argmax()]
else: r = "ಕಣ್ಣಿಗೆ"
```

37ನೇ ಪ್ರಶ್ನೆ ನನ್ನ ಕೈಯ ನೆರಳಲ್ಲಿತ್ತು. ಕಾಗದ 150, ನಾಲ್ಕು ಬಬಲು 130, 98, 133, 129. ಭಾಗಿಸಿ, ಅಕ್ಷರದ ಪಾಲು ಕಳೆದ ಮೇಲೆ B ಗೆ 0.22 ಉಳಿಯಿತು, ಉಳಿದ ಮೂರೂ 0.02 ದಾಟಲಿಲ್ಲ. ಮಸುಕಾಗಿದ್ದರೂ ಉತ್ತರ B ಅನ್ನುವುದರಲ್ಲಿ ಅನುಮಾನವೇ ಇಲ್ಲ.

61ನೆಯದು ಬೇರೆ ತರಹ. A 0.52, C 0.21. ಎರಡೂ ತುಂಬಿದ್ದಾರೆ ಅನ್ನೋಣ ಅಂದರೆ C ಅಷ್ಟು ಕಪ್ಪಿಲ್ಲ, ಸುಮ್ನೆ ಬಿಡೋಣ ಅಂದರೆ ಪೂರ್ತಿ ಖಾಲಿಯೂ ಅಲ್ಲ. ಇಂಥದ್ದಕ್ಕೆ ಪ್ರೋಗ್ರಾಂ ಅಂಕ ಹಾಕುವುದಿಲ್ಲ, ಆ ಸಾಲನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ನನಗೆ ತೋರಿಸುತ್ತದೆ. ನೋಡಿದರೆ C ಮೇಲೆ ರಬ್ಬರ್ ಉಜ್ಜಿದ ಗುರುತು, ವೃತ್ತದ ಗೆರೆ ದಾಟಿ ಹರಡಿದ ಮಸಿ. A ಅಂತ ಒಪ್ಪಿದೆ. ಈ ಹೊತ್ತಿನಲ್ಲಿ ಕೀ ಉತ್ತರ ಪರದೆ ಮೇಲೆ ಇರದಂತೆ ನೋಡಿಕೊಂಡಿದ್ದೇನೆ, ಇದ್ದರೆ ಸರಿ ಉತ್ತರದ ಕಡೆಗೇ ಕಣ್ಣು ವಾಲುತ್ತದೆ. ಎರಡೂ ಗಟ್ಟಿಯಾಗಿ ತುಂಬಿದ್ದರೆ ಮಾತ್ರ ಸೊನ್ನೆ, ಅದರಲ್ಲಿ ಒಂದು ಸರಿಯಿದ್ದರೂ.

ಈ 0.35, 0.7 ನನ್ನ ಶೀಟು, ನನ್ನ ಮೊಬೈಲಿಗೆ ಹೊಂದಿದವು. ಬೇರೆ ಅಚ್ಚಿನ ಶೀಟು ಬಂದಾಗ ನಾಲ್ಕೈದು ಶೀಟನ್ನು ಕೈಯಲ್ಲೇ ತಿದ್ದಿ ತಾಳೆ ನೋಡಿ, ಆಮೇಲೆ ಈ ಅಂಕಿಗಳನ್ನು ಬದಲಿಸುತ್ತೇನೆ.