ಗುಣಿಸಿದ್ದೇ ತಪ್ಪಾಗಿತ್ತು: ρ = kr ಗೋಳದ ಲೆಕ್ಕ

ಬದಿಯಡ್ಕದಲ್ಲಿ ಸಂಜೆ ಹೊತ್ತು ಪ್ಲಸ್ ಟು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಗೌಸ್ ನಿಯಮ ಬಂದಾಗ ಒಂದು ಲೆಕ್ಕವನ್ನು ಮಾತ್ರ ಬಹಳ ನಿಧಾನವಾಗಿ ಮಾಡಿಸುತ್ತೇನೆ. R ತ್ರಿಜ್ಯದ ಒಂದು ಗೋಳ. ಚಾರ್ಜ್ ಸಾಂದ್ರತೆ ಕೇಂದ್ರದಲ್ಲಿ ಸೊನ್ನೆ, ದೂರ ಹೋದ ಹಾಗೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ: ρ = kr. ಒಳಗೆ, ಹೊರಗೆ ವಿದ್ಯುತ್ ಕ್ಷೇತ್ರ ಎಷ್ಟು?

ಕಲಿಯುವಾಗ ನಾನು ಸಾಂದ್ರತೆಯನ್ನು ಘನಫಲದಿಂದ ಗುಣಿಸಿಬಿಟ್ಟಿದ್ದೆ. kr × (4/3)πr³. ಅದರಿಂದ ಒಳಗಿನ ಕ್ಷೇತ್ರ kr²/3ε₀ ಬಂತು. ಹೊರಗಿನದನ್ನೂ ಹಾಗೆಯೇ ಮಾಡಿದೆ. r = R ಹಾಕಿದರೆ ಎರಡೂ ಒಂದೇ ಬೆಲೆ! ಮೇಲ್ಮೈಯಲ್ಲಿ ತಾಳೆ ಆಯಿತಲ್ಲ, ಸರಿಯೇ ಇರಬೇಕು ಅಂದುಕೊಂಡೆ. ಪುಸ್ತಕದಲ್ಲಿ 3ರ ಜಾಗದಲ್ಲಿ 4 ಇತ್ತು. ಅಚ್ಚಿನ ತಪ್ಪು ಅಂತ ಬಿಟ್ಟೆ.

ಒಳಗೂ ಹೊರಗೂ ಒಂದೇ ತಪ್ಪು ಮಾಡಿದರೆ ಮೇಲ್ಮೈಯಲ್ಲಿ ತಾಳೆ ಆಗಿಯೇ ಆಗುತ್ತದೆ. ಅದು ನನಗೆ ಹೊಳೆದದ್ದು ಎಷ್ಟೋ ದಿನ ಕಳೆದ ಮೇಲೆ.

ಈಗ ಕ್ಲಾಸಿಗೆ ಒಂದು ನೀರುಳ್ಳಿ ಒಯ್ಯುತ್ತೇನೆ. ಅಡ್ಡಕ್ಕೆ ಕೊಯ್ದು ಒಂದು ತೆಳು ಪದರ ತೋರಿಸುತ್ತೇನೆ. ಆ ಪದರದೊಳಗೆ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಲ್ಲಿ ಗುಣಿಸಬಹುದು: kr × 4πr² dr. ಇಡೀ ಗೋಳಕ್ಕೆ ಗುಣಿಸಿದರೆ ಅಂಚಿನ ಸಾಂದ್ರತೆಯನ್ನು ಕೇಂದ್ರದವರೆಗೂ ಹಂಚಿದ ಹಾಗೆ. ಪದರಗಳನ್ನು ಸೊನ್ನೆಯಿಂದ r ವರೆಗೆ ಕೂಡಿಸಿದರೆ ಚಾರ್ಜ್ πkr⁴. ಗೌಸ್ ನಿಯಮಕ್ಕೆ r ಒಳಗಿನ ಈ ಚಾರ್ಜ್ ಮಾತ್ರ ಸಾಕು, ಇದನ್ನು 4πr²ε₀ ಯಿಂದ ಭಾಗಿಸಿದರೆ ಒಳಗೆ E = kr²/4ε₀. ಹೊರಗೆ ಚಾರ್ಜ್ πkR⁴ ಕ್ಕೆ ನಿಲ್ಲುತ್ತದೆ, ಆದ್ದರಿಂದ E = kR⁴/4ε₀r².

ಉತ್ತರ ಪರೀಕ್ಷಿಸುವುದಾದರೆ ಒಳಗಿನ ಚಾರ್ಜನ್ನು r ಗೆ ಅವಕಲನ ಮಾಡಿ. πkr⁴ ನಿಂದ 4πkr³ ಬರುತ್ತದೆ, ಅದೇ ನಮ್ಮ ಪದರ. ನನ್ನ ಹಳೇ ಉತ್ತರದಿಂದ (16/3)πkr³ ಬರುತ್ತದೆ. ಸಿಕ್ಕಿಬಿತ್ತು ಅಲ್ವಾ!

ಕಳೆದ ಸಲ ಒಬ್ಬಳು ಕೇಳಿದಳು: "ಮಾಷ್ಟ್ರೇ, ಹೊರಗಿನ ಪದರದಲ್ಲೇ ಜಾಸ್ತಿ ಚಾರ್ಜ್ ಇರುವುದು. ಅದು ಒಳಗೆ ಏನೂ ಮಾಡುವುದಿಲ್ವಾ?" ತುಂಬಾ ಒಳ್ಳೆ ಪ್ರಶ್ನೆ. ಒಳಗಿನ ಬಿಂದುವಿಗೆ ಹತ್ತಿರದ ಭಾಗ ಚಿಕ್ಕದು, ಆದರೆ ಅದರ ಪ್ರಭಾವ ಬಲವಾದದ್ದು. ಎದುರಿನ ಭಾಗ ದೊಡ್ಡದು, ದೂರದ್ದು. ಎರಡೂ ಸರಿಯಾಗಿ ವಜಾ ಆಗುತ್ತವೆ. ಪದರ ಪೂರ್ತಿ ಗೋಳವಾಗಿದ್ದು ಎಲ್ಲ ದಿಕ್ಕಿನಲ್ಲೂ ಚಾರ್ಜ್ ಸಮನಾಗಿದ್ದರೆ ಮಾತ್ರ ಈ ಮಾತು. ಗೋಳ ಲೋಹದ್ದಾದರೆ ಚಾರ್ಜ್ ಹೀಗೆ ಒಳಗೆ ನಿಲ್ಲುವುದೇ ಇಲ್ಲ, ಮೇಲ್ಮೈಗೆ ಬಂದುಬಿಡುತ್ತದೆ.

ಕೊನೆಗೆ ಬೋರ್ಡಿನಲ್ಲಿ ಅಂಕಿ ಹಾಕಿದೆವು. ತ್ರಿಜ್ಯ 10 ಸೆಂ.ಮೀ., ಒಟ್ಟು ಚಾರ್ಜ್ 1 ನ್ಯಾನೋಕೂಲಂಬ್. ಮೇಲ್ಮೈಯಲ್ಲಿ ಸುಮಾರು 900 N/C. 5 ಸೆಂ.ಮೀ.ನಲ್ಲಿ ಒಳಗಿರುವ ಚಾರ್ಜ್ ಬರೀ 16ರಲ್ಲಿ ಒಂದು ಪಾಲು, ಕ್ಷೇತ್ರ 225. ಹೊರಗೆ 20 ಸೆಂ.ಮೀ.ನಲ್ಲೂ 225! ಒಳಗೆ r² ಆಗಿ ಏರಿದ್ದು ಹೊರಗೆ 1/r² ಆಗಿ ಇಳಿಯುವುದರಿಂದ ಹೀಗೆ. ಆ ಹುಡುಗಿ ಬೇರೆ ಜೋಡಿ ಹುಡುಕಿದಳು: 2 ಸೆಂ.ಮೀ.ಗೆ 50 ಸೆಂ.ಮೀ., ಎರಡರಲ್ಲೂ 36.