ಎಎಂಟಿ ಬಂದರೂ 80ಜೆಜೆಎಎ ಕ್ಲೇಮ್ ಬಿಡಬೇಡಿ: ಹಾಸನದ ಒಂದು ಎಲ್‌ಎಲ್‌ಪಿಯ ಮೂರು ವರ್ಷದ ಲೆಕ್ಕ

ಗಾರ್ಮೆಂಟ್ ಜಾಬ್‌ವರ್ಕ್ ಮಾಡುವ ಎಲ್‌ಎಲ್‌ಪಿಗೆ 80ಜೆಜೆಎಎ ಕಡಿತ ಪಡೆಯಲು ಹೊರಟಾಗ, ಹಾಸನದಲ್ಲಿ ನಮ್ಮದೇ ವೃತ್ತಿಯ ಇಬ್ಬರು ಹಿರಿಯರು ಬೇಡವೆಂದರು. 'ಅಲ್ಲಿ ಉಳಿಸಿದ್ದನ್ನು ಎಎಂಟಿ ನುಂಗುತ್ತದೆ, 10ಡಿಎ ಮತ್ತು 29ಸಿ ವರದಿಗಳ ಖರ್ಚು ಮೈಮೇಲೆ ಬರುತ್ತದೆ' ಎಂಬುದು ಅವರ ವಾದವಾಗಿತ್ತು. ಮೂರನೆಯ ವರ್ಷದ 143(1) ಇಂಟಿಮೇಷನ್‌ನಲ್ಲಿ ಎಎಂಟಿ ಕ್ರೆಡಿಟ್ ಹೊಂದಾಣಿಕೆ ಒಂದು ರೂಪಾಯಿಯೂ ಕಡಿಮೆಯಾಗದೆ ಒಪ್ಪಿಗೆಯಾಗಿ ಬಂದಿರುವುದರಿಂದ, ಈಗ ಆ ಲೆಕ್ಕವನ್ನು ಧೈರ್ಯವಾಗಿ ಬರೆಯಬಹುದು. ಅಂಕಿಗಳನ್ನು ನೆನಪಿನಿಂದ ದುಂಡು ಮಾಡಿ ಕೊಟ್ಟಿದ್ದೇನೆ. ಕಲಂಗಳೆಲ್ಲ 1961ರ ಕಾಯ್ದೆಯವು.

ಘಟಕ ಶುರುವಾದದ್ದು 2022-23ರಲ್ಲಿ. ಮೊದಲ ವರ್ಷವಾದ್ದರಿಂದ ಅರ್ಹ ನೌಕರರಿಗೆ ಕೊಟ್ಟ ಸಂಬಳವೆಲ್ಲವೂ ಹೆಚ್ಚುವರಿ ನೌಕರ ವೆಚ್ಚವೆಂದೇ ಲೆಕ್ಕವಾಗುತ್ತದೆ. ಸುಮಾರು ಎಪ್ಪತ್ತು ಹೆಣ್ಣುಮಕ್ಕಳು ಅರ್ಹರಾದರು. ಅವರ ಸಂಬಳ ಒಂದು ಕೋಟಿಯ ಹತ್ತಿರ, ಅದರ ಶೇ. 30 ಎಂದರೆ 30 ಲಕ್ಷ. ಈ ಮೊತ್ತ ಮೂರು ವರ್ಷ ಸಿಗುತ್ತದೆ. ಉಡುಪು ತಯಾರಿಕೆಗೆ 240 ದಿನದ ಬದಲು 150 ದಿನ ಕೆಲಸ ಮಾಡಿಸಿದ್ದರೆ ಸಾಕು ಎಂಬ ಸೌಲಭ್ಯವಿದ್ದರೂ ಇಲ್ಲಿ ಎಣಿಕೆ ಅಷ್ಟು ಸಲೀಸಲ್ಲ. ಡಿಸೆಂಬರ್ ಬಂದರೆ ಕೆಲವರು ಹೊಲಿಗೆ ಬಿಟ್ಟು ಸಕಲೇಶಪುರದ ಕಡೆ ಕಾಫಿ ಕೊಯ್ಲಿಗೆ ಹೋಗುತ್ತಾರೆ. ಹಾಜರಿ ಪುಸ್ತಕವನ್ನು ಪಿಎಫ್ ಚಲನ್ನಿನ ತಿಂಗಳವಾರು ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದು ಹೆಸರನ್ನೂ ನೋಡಿದಾಗ ಹತ್ತು ಹನ್ನೆರಡು ಜನ ಕೈಬಿಟ್ಟು ಹೋದರು, ಆ ಎಪ್ಪತ್ತು ಉಳಿದದ್ದು ಅದರ ನಂತರ. ಎರಡನೆಯ ಮತ್ತು ಮೂರನೆಯ ವರ್ಷ ಒಟ್ಟು ತಲೆಯೆಣಿಕೆ ಹೆಚ್ಚಲಿಲ್ಲವಾದ್ದರಿಂದ ಹೊಸ ಕಡಿತವೇನೂ ಸೇರಲಿಲ್ಲ.

ಇನ್ನು ಎಎಂಟಿ. 80ಜೆಜೆಎಎ ಅಧ್ಯಾಯ 6ಎಯ 'ಸಿ' ಭಾಗದಲ್ಲಿರುವುದರಿಂದ ಅದನ್ನು ಪಡೆದ ಕ್ಷಣವೇ 115ಜೆಸಿ ಅನ್ವಯವಾಗುತ್ತದೆ. ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಇರುವ 20 ಲಕ್ಷದ ವಿನಾಯಿತಿ ಎಲ್‌ಎಲ್‌ಪಿಗೆ ಇಲ್ಲ. ಹೊಂದಾಣಿಕೆಯ ಒಟ್ಟು ಆದಾಯವೆಂದರೆ, ಕಾಯ್ದೆಯ ಪ್ರಕಾರ ಬಂದ ಒಟ್ಟು ಆದಾಯಕ್ಕೆ ಆ ಕಡಿತವನ್ನು ಮರಳಿ ಕೂಡಿಸಿದ ಮೊತ್ತ. ಕಂಪನಿಗಳ ಎಂಎಟಿ ಮಾಡಿ ಕೈಪಳಗಿದ ಒಬ್ಬರು ಲಾಭ-ನಷ್ಟ ಪಟ್ಟಿಯ ಲಾಭದಿಂದಲೇ 29ಸಿ ಶುರು ಮಾಡಿದ್ದನ್ನು ನಾನು ನೋಡಿದ್ದೇನೆ. ಎಲ್‌ಎಲ್‌ಪಿಯಲ್ಲಿ ಪುಸ್ತಕದ ಲಾಭಕ್ಕೆ ಜಾಗವೇ ಇಲ್ಲ. ಸವಕಳಿಯೂ ಆದಾಯ ತೆರಿಗೆಯ ದರದ್ದೇ.

ಒಂದು ಕೋಟಿಯೊಳಗಿನ ಆದಾಯಕ್ಕೆ ಸಾಮಾನ್ಯ ತೆರಿಗೆ ಸೆಸ್ ಸೇರಿ ಶೇ. 31.2, ಎಎಂಟಿ ಶೇ. 19.24. ಈ ಎರಡನ್ನು ಎದುರುಬದುರು ಇಟ್ಟರೆ ಕಡಿತಕ್ಕೆ ಮುಂಚಿನ ಆದಾಯದಲ್ಲಿ ಕಡಿತದ ಪಾಲು ಶೇ. 38ನ್ನು ಸ್ವಲ್ಪ ದಾಟಿದಾಗ ಎಎಂಟಿ ಮೇಲುಗೈ ಪಡೆಯುತ್ತದೆ, ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯ ತೆರಿಗೆಯೇ ಹೆಚ್ಚು. ಹೊಸ ಕಡತ ಕೈಗೆ ಬಂದರೆ ನಾನು ಮೊದಲು ನೋಡುವುದೇ ಈ ಪಾಲನ್ನು.

ಮೊದಲ ವರ್ಷ ಪಾಲುದಾರರ ಸಂಭಾವನೆ ಕಳೆದು 42 ಲಕ್ಷ ಆದಾಯವಿತ್ತು. ಕಡಿತದ ನಂತರ 12 ಲಕ್ಷ. ಅದರ ಮೇಲಿನ ಸಾಮಾನ್ಯ ತೆರಿಗೆ 3.74 ಲಕ್ಷ, 42 ಲಕ್ಷದ ಮೇಲಿನ ಎಎಂಟಿ 8.08 ಲಕ್ಷ. ಕಟ್ಟಿದ್ದು 8.08, ವ್ಯತ್ಯಾಸದ 4.34 ಲಕ್ಷ ಕ್ರೆಡಿಟ್ಟಾಗಿ ನಿಂತಿತು. ಹಿರಿಯರು 'ನೋಡಿದೆಯಾ, ದುಪ್ಪಟ್ಟಿಗಿಂತ ಹೆಚ್ಚು ಕಟ್ಟಿಸಿದೆ' ಎಂದು ನಕ್ಕರು. ಆದರೆ ಹೋಲಿಸಬೇಕಾದದ್ದು 3.74ರ ಜೊತೆಗಲ್ಲ. ಕಡಿತವನ್ನೇ ಕೇಳದಿದ್ದರೆ 42 ಲಕ್ಷಕ್ಕೆ 13.10 ಲಕ್ಷ ಕಟ್ಟಬೇಕಿತ್ತು. ಅಂದರೆ ಐದು ಲಕ್ಷ ಆ ವರ್ಷವೇ ಕೈಯಲ್ಲಿ ಉಳಿದಿತ್ತು, ವರದಿಗಳ ಶುಲ್ಕ ಅದರ ಮುಂದೆ ಲೆಕ್ಕಕ್ಕಿಲ್ಲ.

ಎರಡನೆಯ ವರ್ಷ ಆದಾಯ 60 ಲಕ್ಷ. ಕಡಿತದ ಪಾಲು ಅರ್ಧದಷ್ಟು, ಆದ್ದರಿಂದ ಮತ್ತೆ ಎಎಂಟಿ: 11.54 ಲಕ್ಷ ಕಟ್ಟಿ, ಸಾಮಾನ್ಯ ತೆರಿಗೆ 9.36 ಆಗಿದ್ದರಿಂದ 2.18 ಲಕ್ಷ ಕ್ರೆಡಿಟ್ ಸೇರಿ ಒಟ್ಟು 6.52 ಆಯಿತು.

ಮೂರನೆಯ ವರ್ಷ, ಅಂದರೆ 2025-26ರ ಅಸೆಸ್‌ಮೆಂಟ್ ವರ್ಷದಲ್ಲಿ, ಲೆಕ್ಕ ತಿರುಗಿತು. ಆದಾಯ 96 ಲಕ್ಷಕ್ಕೆ ಏರಿ ಕಡಿತದ ಪಾಲು ಶೇ. 31ಕ್ಕೆ ಇಳಿಯಿತು. 66 ಲಕ್ಷದ ಮೇಲಿನ ಸಾಮಾನ್ಯ ತೆರಿಗೆ 20.59, ಎಎಂಟಿ 18.47. ಕೂಡಿಟ್ಟ 6.52ರಲ್ಲಿ ಹೊಂದಿಸಿಕೊಳ್ಳಲು ಸಿಕ್ಕಿದ್ದು ಇವೆರಡರ ನಡುವಿನ 2.12 ಮಾತ್ರ, ಏಕೆಂದರೆ ಕ್ರೆಡಿಟ್ ಎಷ್ಟೇ ಇದ್ದರೂ ಕಟ್ಟುವ ತೆರಿಗೆಯನ್ನು ಎಎಂಟಿಗಿಂತ ಕೆಳಗೆ ಇಳಿಸಲು 115ಜೆಡಿ ಬಿಡುವುದಿಲ್ಲ. ಈ ವರ್ಷ ಒಂದು ಕೋಟಿಯ ಗೆರೆಯ ಮೇಲೆ ಕಣ್ಣಿಟ್ಟಿದ್ದೆ. ಸರ್ಚಾರ್ಜಿಗೆ ಎಎಂಟಿ ಕಡೆ ನೋಡುವುದು ಹೊಂದಾಣಿಕೆಯ ಆದಾಯವನ್ನು. ಒಟ್ಟು ಆದಾಯ 75 ಲಕ್ಷದಲ್ಲಿದ್ದರೂ ಕಡಿತ ಕೂಡಿಸಿ ಕೋಟಿ ದಾಟಿದರೆ ಎಎಂಟಿಗೆ ಮಾತ್ರ ಶೇ. 12 ಸೇರಿ, ಮೇಲೆ ಹೇಳಿದ ಶೇ. 38ರ ಅಳತೆ ಕೆಡುತ್ತದೆ.

ಮೂರು ವರ್ಷ ಸೇರಿ ಕಟ್ಟಿದ್ದು ಸುಮಾರು 38.10 ಲಕ್ಷ, ಕಡಿತ ಕೇಳದಿದ್ದರೆ 61.78 ಆಗುತ್ತಿತ್ತು. ಎಎಂಟಿ ನುಂಗಿತೆಂದು ಹೇಳಿದ ಹಣದಲ್ಲಿ 23.68 ಲಕ್ಷ ಉಳಿದಿದೆ, 4.40 ಲಕ್ಷ ಕ್ರೆಡಿಟ್ಟಿನಲ್ಲಿದೆ.

ಹಣ ನಿಜವಾಗಿ ಸೋರುವುದು ಮುಂಗಡ ತೆರಿಗೆಯಲ್ಲಿ. ಅರಸೀಕೆರೆ ಕಡೆಯ ಇನ್ನೊಂದು ಎಲ್‌ಎಲ್‌ಪಿ ನನ್ನ ಬಳಿ ಬಂದಾಗ ಅವರ ಹಿಂದಿನ ಸಲಹೆಗಾರರು ನಾಲ್ಕೂ ಕಂತುಗಳನ್ನು ಸಾಮಾನ್ಯ ತೆರಿಗೆಯ ಮೇಲೆ ಕಟ್ಟಿಸಿದ್ದರು. ಎಎಂಟಿಗೆ ಬೇಕಾದ ಸುಮಾರು ನಾಲ್ಕೂವರೆ ಲಕ್ಷ ಜುಲೈವರೆಗೆ ಬಾಕಿಯಿತ್ತು. 234ಬಿ ಮತ್ತು 234ಸಿ ಸೇರಿ ನಲವತ್ತು ಸಾವಿರದಷ್ಟು ಬಡ್ಡಿ ಹೋಯಿತು. ಎಎಂಟಿ ಮುಂದೆ ಕ್ರೆಡಿಟ್ಟಾಗಿ ಮರಳುತ್ತದೆ, ಈ ಬಡ್ಡಿ ಮರಳುವುದಿಲ್ಲ. 10ಡಿಎ ಮತ್ತು 29ಸಿ ಎರಡನ್ನೂ ರಿಟರ್ನಿನ ಗಡುವಿಗೆ ಒಂದು ತಿಂಗಳು ಮೊದಲೇ ಹಾಕಬೇಕು, ರಿಟರ್ನ್ ಗಡುವು ತಪ್ಪಿದರೆ 80ಎಸಿ ಪ್ರಕಾರ ಕಡಿತವೇ ಹೋಗುತ್ತದೆ ಎಂಬುದು ನಿಮಗೆ ಗೊತ್ತಿರುವುದೇ.

ನಡುವೆ ಪಾಲುದಾರರ ಸಂಭಾವನೆಯ ಮೇಲೂ ಒಂದು ಪ್ರಯೋಗ ಮಾಡಿದೆ. 40(ಬಿ) ಮಿತಿಯೊಳಗಿನ ಸಂಭಾವನೆ ಎರಡೂ ಲೆಕ್ಕದಲ್ಲಿ ಕಳೆಯುತ್ತದೆ, ಮರಳಿ ಕೂಡುವುದಿಲ್ಲ. ಹಾಗೆಂದು ಹೆಚ್ಚಿಸುತ್ತ ಹೋದರೆ ಲಾಭವೇ ಎಂದು ನೋಡಿದರೆ, ಎಎಂಟಿ ಕಟ್ಟುವ ವರ್ಷದಲ್ಲಿ ಒಂದು ಲಕ್ಷ ಸಂಭಾವನೆ ಎಲ್‌ಎಲ್‌ಪಿಗೆ ಉಳಿಸುವುದು 19,240 ರೂಪಾಯಿ. ಮೇಲಿನ ಸ್ಲ್ಯಾಬಿನಲ್ಲಿರುವ ಪಾಲುದಾರ ಅದೇ ಲಕ್ಷಕ್ಕೆ 31,200 ಕಟ್ಟುತ್ತಾನೆ. ಲಾಭದ ಪಾಲಾಗಿ ತೆಗೆದುಕೊಂಡರೆ ಅವನಿಗೆ ಅದು 10(2ಎ) ಪ್ರಕಾರ ತೆರಿಗೆಮುಕ್ತ. ಕ್ರೆಡಿಟ್ ಹೊಂದಿಸಿಕೊಂಡ ಮೂರನೆಯ ವರ್ಷದಲ್ಲೂ, ಕಟ್ಟಿದ್ದು ಎಎಂಟಿಯಷ್ಟೇ ಆಗಿದ್ದರಿಂದ, ಇದೇ ಲೆಕ್ಕ ನಡೆಯಿತು. ಸಾಮಾನ್ಯ ತೆರಿಗೆ ಹೆಚ್ಚಿದೆಯೆಂದು ಕೂಡಲೇ ಸಂಭಾವನೆ ಏರಿಸಬಾರದು. ವರ್ಷಕ್ಕೊಂದು ರೀತಿ ಸಂಭಾವನೆ ಕೊಡಲು ಎಲ್‌ಎಲ್‌ಪಿ ಒಪ್ಪಂದದ ಷರತ್ತನ್ನು ಹೇಗೆ ಬರೆಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾಲ್ಕನೆಯ ವರ್ಷ ಕಡಿತವಿಲ್ಲ. ಕಡಿತ ಕೇಳದ ವರ್ಷ ಕ್ರೆಡಿಟ್ ಸಿಗುವುದೇ ಎಂಬ ಅನುಮಾನಕ್ಕೆ 115ಜೆಇಇಯ ಮೂರನೆಯ ಉಪಕಲಂ ಸಿಗುತ್ತದೆ ಎಂದೇ ಉತ್ತರಿಸುತ್ತದೆ, ಹದಿನೈದು ಅಸೆಸ್‌ಮೆಂಟ್ ವರ್ಷಗಳ ಅವಕಾಶವೂ ಇದೆ. ಆದಾಯ 95 ಲಕ್ಷದ ಆಸುಪಾಸಿನಲ್ಲೇ ನಿಂತರೆ ಸಾಮಾನ್ಯ ತೆರಿಗೆ ಮತ್ತು ಎಎಂಟಿಯ ಅಂತರ ಹನ್ನೊಂದು ಲಕ್ಷ ದಾಟುತ್ತದೆ, ಉಳಿದ 4.40 ಲಕ್ಷ ಐಟಿಆರ್-5ರ ಎಎಂಟಿಸಿ ಶೆಡ್ಯೂಲಿನಲ್ಲಿ ಒಂದೇ ಸಲಕ್ಕೆ ಮುಗಿಯಬೇಕು.