ಕಂಚಿನ ಗಂಟೆಯನ್ನು ಸಿಂಥ್‌ನಲ್ಲಿ ಕಟ್ಟಿದ ಬಗೆ

ಗಂಟೆ ಬೇಕಿದ್ದರೆ ರೆಕಾರ್ಡ್ ಮಾಡಿದ ಸ್ಯಾಂಪಲ್ ಹಾಕಿ, ಸಿಂಥ್‌ನಲ್ಲಿ ಅದು ಡಬ್ಬದ ಸದ್ದೇ ಆಗೋದು ಎಂದು ಹೇಳಿದವರೇ ಹೆಚ್ಚು. ಈಗ ನನ್ನ ಹತ್ತಿರ ಇರುವ ಗಂಟೆಯಲ್ಲಿ ಒಂದು ಸೆಕೆಂಡಿನ ಸ್ಯಾಂಪಲ್ಲೂ ಇಲ್ಲ. ಒಂದೊಂದು ಶುದ್ಧ ಸ್ವರ ಮಾತ್ರ ಹೊರಡಿಸುವ ಏಳು ಸೈನ್ ಆಸಿಲೇಟರು, ಒಂದು ಆಸಿಲೇಟರು ಇನ್ನೊಂದರ ಆವರ್ತನವನ್ನು ಅಲುಗಿಸುವ ಒಂದು ಎಫ್‌ಎಂ ಜೋಡಿ, ಕೊನೆಗೆ ಒಂದು ಫಿಲ್ಟರು, ಅಷ್ಟೆ. ಹಾಗೆ ಹೇಳಿದವರಲ್ಲೇ ಐದು ಜನಕ್ಕೆ ನಿಜವಾದ ಗಂಟೆಯ ರೆಕಾರ್ಡಿಂಗ್ ಜೊತೆ ಬೆರೆಸಿ ಕೇಳಿಸಿದೆ. ಮೂವರು ಯಾವುದು ಯಾವುದೆಂದು ತಪ್ಪು ಹೇಳಿದರು.

ಶುರು ಮಾಡಿದ್ದು ಸಬ್‌ಟ್ರ್ಯಾಕ್ಟಿವ್‌ನಿಂದ, ಅಂದರೆ ತುಂಬು ಸದ್ದಿನಿಂದ ಬೇಡದ್ದನ್ನು ಫಿಲ್ಟರಿನಲ್ಲಿ ಕಳೆಯುವ ವಿಧಾನದಿಂದ. ದುಡ್ಡು ಹೋಗಿದ್ದೂ ಅಲ್ಲೇ. ಸೆಕೆಂಡ್ ಹ್ಯಾಂಡ್ ಅನಲಾಗ್ ಸಿಂಥ್ ಒಂದಕ್ಕೆ ಸುಮಾರು 18 ಸಾವಿರ ಕೊಟ್ಟು, ಆರೇಳು ತಿಂಗಳ ಮೇಲೆ 14 ಸಾವಿರಕ್ಕೆ ಮಾರಿದೆ. ತಪ್ಪು ಯಂತ್ರದ್ದಲ್ಲ. 200 ಹರ್ಟ್ಸ್‌ನ ಗರಗಸ ಅಲೆಯಲ್ಲಿ ಇರುವುದು 200, 400, 600, 800. ಫಿಲ್ಟರ್ ಇವುಗಳಲ್ಲಿ ಯಾವುದನ್ನು ಬೇಕಾದರೂ ತಗ್ಗಿಸುತ್ತದೆ, ರೆಸೊನೆನ್ಸ್ ಏರಿಸಿದರೆ ಒಂದನ್ನು ಎತ್ತಿಯೂ ತೋರಿಸುತ್ತದೆ. ಆದರೆ 400ರಲ್ಲಿರುವುದನ್ನು ಅದು 428ಕ್ಕೆ ಸರಿಸಲಾರದು. ಗಂಟೆಗೆ ಬೇಕಾದದ್ದು ಆ ಸರಿದ ಸ್ವರಗಳೇ. ಎರಡು ಆಸಿಲೇಟರನ್ನು ಸ್ವಲ್ಪ ಬೇಸುರಾಗಿಸಿದರೆ ಹಾರ್ಮೋನಿಯಂ ಗುಂಪು ಕೇಳಿಸುತ್ತದೆ, ಗಂಟೆ ಕೇಳಿಸುವುದಿಲ್ಲ.

ಫಿಲ್ಟರನ್ನೇ ಗಂಟೆಯಂತೆ ಬಡಿಯುವ ದಾರಿಯೂ ಒಂದಿದೆ. ಚಿಕ್ಕ ಪಲ್ಸ್ ಕೊಟ್ಟು, ಒಂದೇ ಆವರ್ತನದ ಸುತ್ತಲಿನದನ್ನು ಮಾತ್ರ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ತಾನೇ ಮೊಳಗುವಂತೆ ಮಾಡುವುದು. ಲೆಕ್ಕ ಇದು: ನಾದ 60 ಡೆಸಿಬಲ್ ಇಳಿಯಲು ಬೇಕಾದ ಸಮಯ ಸುಮಾರು 2.2 × Q ÷ f. Q ಅಂದರೆ ಫಿಲ್ಟರಿನ ರೆಸೊನೆನ್ಸ್ ಎಷ್ಟು ಚೂಪು ಎಂಬ ಅಳತೆ, f ಅಂದರೆ ಆವರ್ತನ. 200 ಹರ್ಟ್ಸ್‌ನಲ್ಲಿ 8 ಸೆಕೆಂಡ್ ಮೊಳಗಬೇಕೆಂದರೆ Q ಸುಮಾರು 730 ಬೇಕು. ಅನಲಾಗ್ ಫಿಲ್ಟರ್ ಅಲ್ಲಿ ನಿಲ್ಲುವುದಿಲ್ಲ. ರೆಸೊನೆನ್ಸ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ತಾನೇ ಕೂಗಲು ಶುರುಮಾಡುತ್ತದೆ, ಹಿಂದೆ ತಿರುಗಿಸಿದರೆ ಅರ್ಧ ಸೆಕೆಂಡಿನಲ್ಲಿ ಸಾಯುತ್ತದೆ. ಮಧ್ಯಾಹ್ನ ಹೊಂದಿಸಿದ್ದು ಸಂಜೆಗೆ ಇರುವುದಿಲ್ಲ. ಕಟ್ಟಿಗೆಯ ಬಡಿತ, ತಬಲದ ಬಾಯಾ ಥರದ ಸದ್ದಿಗೆ ಈ ದಾರಿ ಬಹಳ ಚೆನ್ನ, ನಾನು ಈಗಲೂ ಬಳಸುತ್ತೇನೆ. ಕಂಚಿಗೆ ಅಲ್ಲ.

ಮುಂದೆ ಅಡಿಟಿವ್, ಅಂದರೆ ಸೈನ್‌ಗಳನ್ನು ಒಂದೊಂದಾಗಿ ಕೂಡಿಸುವುದು. ಇದಕ್ಕೆ ಮೊದಲು ಗಂಟೆಯನ್ನು ಅಳೆಯಬೇಕು. ಗರ್ಭಗುಡಿಯ ಮುಂದೆ ಮೈಕ್ ಹಿಡಿದು ತಂದ ಮೊದಲ ರೆಕಾರ್ಡಿಂಗ್‌ಗಳು ದಂಡ, ಕಲ್ಲಿನ ಮಂಟಪದ ಮರುದನಿಯೇ ಗಂಟೆಗಿಂತ ಜಾಸ್ತಿ. ಆಮೇಲೆ ಕಂಪನವನ್ನೇ ನೇರ ಹಿಡಿಯುವ ಇಪ್ಪತ್ತು ರೂಪಾಯಿಯ ಪೀಜೋ ಬಿಲ್ಲೆಯನ್ನು ಗಂಟೆಯ ಮೇಲ್ಭಾಗಕ್ಕೆ ಮೇಣದಲ್ಲಿ ಅಂಟಿಸಿ ತೆಗೆದದ್ದೇ ಸರಿಹೋಯಿತು. ಅಂಚಿಗೆ ಅಂಟಿಸಬೇಡಿ, ನಾದ ಬೇಗ ಅಡಗುತ್ತದೆ.

ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ನೋಡುವಾಗ ಎಲ್ಲರೂ ಎಡವುವ ಜಾಗ ಒಂದಿದೆ. 48 ಸಾವಿರ ಸ್ಯಾಂಪಲ್ ದರದಲ್ಲಿ ಒಂದು ಸಲಕ್ಕೆ 4096 ಸ್ಯಾಂಪಲ್ ನೋಡುವ ಕಿಟಕಿ ಇಟ್ಟರೆ ಒಂದೊಂದು ಗೆರೆಯ ನಡುವೆ ಹತ್ತಿರ ಹತ್ತಿರ 12 ಹರ್ಟ್ಸ್ ಅಂತರ. ಅಲ್ಲಿ ಒಂದೇ ಶಿಖರ ಕಾಣುತ್ತದೆ. 65536 ಇಟ್ಟು ನೋಡಿ, ಅದೇ ಶಿಖರ ಎರಡಾಗಿ ಒಡೆಯುತ್ತದೆ. ಯಾವ ಗಂಟೆಯೂ ಪೂರ್ತಿ ದುಂಡಗಿರುವುದಿಲ್ಲ, ಎರಕದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಾಗಾಗಿ ಪ್ರತಿ ಕಂಪನವೂ ಒಂದೆರಡು ಹರ್ಟ್ಸ್ ಅಂತರದ ಅವಳಿಯಾಗಿ ಬರುತ್ತದೆ. ಗಂಟೆ ಹೊಡೆದ ಮೇಲೆ ಕೇಳುವ ಆ ಊಂ-ಊಂ ಎಂಬ ತೂಗಾಟ ಇದೇ. ಅವಳಿ ಇಲ್ಲದ ಗಂಟೆ ಎಷ್ಟೇ ಸೈನ್ ಹಾಕಿದರೂ ಸ್ಟೀಲ್ ತಟ್ಟೆ.

ಇದನ್ನು 1969ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ರೆಂಚ್ ಸಂಗೀತ ರಚನಕಾರ ಜ್ಯಾಂ-ಕ್ಲೋದ್ ರಿಸೆ ಕಂಪ್ಯೂಟರ್ ಸದ್ದುಗಳ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ. ಅವರ ಗಂಟೆಯಲ್ಲಿ ಹನ್ನೊಂದು ಸೈನ್. ಮೂಲ ಆವರ್ತನಕ್ಕೆ 0.56 ಪಟ್ಟು ಒಂದು, ಅದಕ್ಕೆ 1 ಹರ್ಟ್ಸ್ ಮೇಲೆ ಅದರ ಅವಳಿ. 0.92 ಪಟ್ಟು ಇನ್ನೊಂದು, 1.7 ಹರ್ಟ್ಸ್ ಮೇಲೆ ಅದರ ಅವಳಿ. ಆಮೇಲೆ 1.19, 1.7, 2, ಮೇಲುಗಡೆ 2.74, 3, 3.76, 4.07. ಪಟ್ಟಿಯ ಜೀವ ಇರುವುದು ಆಯುಸ್ಸಿನಲ್ಲಿ. ಕೆಳಗಿನದು ಪೂರ್ತಿ 20 ಸೆಕೆಂಡ್ ಬದುಕಿದರೆ ತುತ್ತತುದಿಯದು ಒಂದೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಎಲ್ಲಕ್ಕೂ ಒಂದೇ ಎನ್ವಲಪ್, ಅಂದರೆ ಸದ್ದು ಏರಿ ಇಳಿಯುವ ಒಂದೇ ಬಗೆ, ಹಾಕಿದರೆ ಆರ್ಗನ್ ಆಗುತ್ತದೆ, ನಾನು ಮೊದಲು ಮಾಡಿದ್ದು ಅದನ್ನೇ.

ಹನ್ನೊಂದು ಆಸಿಲೇಟರ್ ಎನ್ನುವಾಗ ಮಿಲಾನ್ ನೆನಪಾಗುತ್ತದೆ. 1955ರಲ್ಲಿ ಸಂಗೀತ ರಚನಕಾರರಾದ ಬೆರಿಯೊ ಮತ್ತು ಮದೆರ್ನಾ ಅಲ್ಲಿನ ರೇಡಿಯೊದಲ್ಲಿ ಕಟ್ಟಿದ ಸ್ಟುಡಿಯೊ ಒಂಬತ್ತು ಆಸಿಲೇಟರುಗಳಿಗೇ ಹೆಸರಾಗಿತ್ತು. ಒಂಬತ್ತು ಸ್ವರ ಒಟ್ಟಿಗೆ ಮೊಳಗಿಸಿ, ಗುಂಡಿ ತಿರುಗಿಸುತ್ತ ಕಿವಿಯಿಂದಲೇ ಹೊಂದಿಸಬಹುದಿತ್ತು. ಅದಕ್ಕೂ ಮೊದಲು ಜರ್ಮನಿಯ ಕಲೋನ್ ಸ್ಟುಡಿಯೊದಲ್ಲಿ ಸೈನ್‌ಗಳನ್ನು ಟೇಪಿನ ಮೇಲೆಯೇ ಪೇರಿಸಬೇಕಿತ್ತು. ಪ್ರತಿ ನಕಲಿಗೂ ಟೇಪಿನ ಹಿಸ್ ಒಂದು ಪದರ ಏರುತ್ತದೆ.

1954ರ ‘ಸ್ಟುಡಿಯೆ 2’ ಕೃತಿಯಲ್ಲಿ ಜರ್ಮನ್ ರಚನಕಾರ ಸ್ಟಾಕ್‌ಹೌಸನ್ ಅದೇ ಕಲೋನಿನಲ್ಲಿ ಹಿಡಿದ ದಾರಿ ನೋಡಿ. 100 ಹರ್ಟ್ಸ್‌ನಿಂದ ಶುರುವಾಗುವ 81 ಮೆಟ್ಟಿಲು, ಪ್ರತಿ ಮೆಟ್ಟಿಲು ಹಿಂದಿನದಕ್ಕಿಂತ 5ರ 25ನೇ ಮೂಲದಷ್ಟು, ಅಂದರೆ ಸುಮಾರು 1.0665 ಪಟ್ಟು ಮೇಲೆ. ಐದು ಸೈನ್‌ಗಳ ಟೇಪನ್ನು ನಾಲ್ಕು ನಾಲ್ಕು ಸೆಂಟಿಮೀಟರ್ ಕತ್ತರಿಸಿ ಒಂದರ ಹಿಂದೆ ಒಂದು ಅಂಟಿಸಿ, ಮರುದನಿಯ ಕೋಣೆಯೊಳಗೆ ನುಡಿಸಿ, ಆ ಮರುದನಿಯನ್ನು ರೆಕಾರ್ಡ್ ಮಾಡಿದರು. ಸೆಕೆಂಡಿಗೆ 76.2 ಸೆಂಟಿಮೀಟರ್ ವೇಗದಲ್ಲಿ ಒಂದು ತುಂಡು 52 ಮಿಲಿಸೆಕೆಂಡ್. ಸಾಲಾಗಿ ಬಂದದ್ದು ಕೋಣೆಯಲ್ಲಿ ಒಂದಾಗಿ ಬೆರೆಯುತ್ತದೆ, ಐದು ಸಲ ನಕಲು ಮಾಡುವ ಗೋಜಿಲ್ಲ. ಇದನ್ನು ನಾನೂ ಮಾಡಿ ನೋಡಿದೆ: 100, 107, 114, 121, 129 ಹರ್ಟ್ಸ್, ಹತ್ತು ಸೆಕೆಂಡಿನ ರಿವರ್ಬ್, ಮೊದಲ ಕಾಲು ಸೆಕೆಂಡ್ ಕತ್ತರಿಸಿ ಎಸೆಯುವುದು. ಕೆಳಗಿನ ಮೆಟ್ಟಿಲುಗಳಲ್ಲಿ ಗೊಗ್ಗರು ಗುಂಯ್‌ಗುಡುವಿಕೆ ಬಂತು, ಮೂರು ಪಟ್ಟು ಮೇಲೆ ಹೋದರೆ ತೆಳುವಾದ ಲೋಹದ ಮೋಡ. ಗಂಟೆಗೆ ಉಪಯೋಗವಾಗಲಿಲ್ಲ, ಆದರೆ ಅದರಿಂದ ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಮೂರು ಪ್ಯಾಡ್ ಸದ್ದು ಸಿಕ್ಕಿವೆ.

ನಮ್ಮ ದೇಶದಲ್ಲಿ ಇಂಥ ಸ್ಟುಡಿಯೊ ಬಂದದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೂಗ್ ಎಂಬ ಸಿಂಥ್ ಯಂತ್ರವನ್ನೂ ಟೇಪ್ ಯಂತ್ರಗಳನ್ನೂ ಜೋಡಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಕಲೋನಿನಲ್ಲಿ ಕತ್ತರಿಯಿಂದ ಮಾಡುತ್ತಿದ್ದ ಎಷ್ಟೋ ಕೆಲಸ ಮೂಗ್‌ನಲ್ಲಿ ವೋಲ್ಟೇಜಿನಿಂದ ಆಗುತ್ತಿತ್ತು. ಆದರೆ ಮೂಗ್‌ನ ಸ್ವಭಾವವೂ ಸಬ್‌ಟ್ರ್ಯಾಕ್ಟಿವ್, ಫಿಲ್ಟರಿನಿಂದ ಕಳೆಯುವುದೇ.

ಇನ್ನು ಎಫ್‌ಎಂ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡು 1973ರಲ್ಲಿ ಪ್ರಕಟಿಸಿದ ವಿಧಾನ. ಅವರ ಗಂಟೆಗೆ ಎರಡೇ ಆಸಿಲೇಟರ್ ಸಾಕು: ಅಲುಗುವ ಕ್ಯಾರಿಯರ್ 200, ಅಲುಗಿಸುವ ಮಾಡ್ಯುಲೇಟರ್ 280, ಎಷ್ಟು ಅಲುಗಿಸಬೇಕೆಂದು ಹೇಳುವ ಇಂಡೆಕ್ಸ್ 10ರಿಂದ ಸೊನ್ನೆಗೆ, 15 ಸೆಕೆಂಡ್. 200ರ ಮೇಲೆ 480, 760 ಬರುತ್ತವೆ. ಕೆಳಗೆ ಹೋಗುವವು ಸೊನ್ನೆ ದಾಟಿ 80, 360, 640 ಆಗಿ ಮರಳುತ್ತವೆ. ಆದರೆ 200 ಮತ್ತು 280 ಎರಡೂ 40ರ ಗುಣಕಗಳು, ಹಾಗಾಗಿ ಎಲ್ಲ ಸ್ವರಗಳೂ 40ರ ಗುಣಕಗಳ ಮೇಲೇ ಕೂರುತ್ತವೆ. ಎರಡರ ಅನುಪಾತವನ್ನು ನಾನು 1.4ರ ಬದಲು 1.414 ಇಡುತ್ತೇನೆ. 1.5 ಮಾಡಿದರೆ ಗಂಟೆ ಪೂರ್ತಿ ಮಾಯವಾಗಿ ಶ್ರುತಿಪೆಟ್ಟಿಗೆ ಬರುತ್ತದೆ, ಒಮ್ಮೆ ಮಾಡಿ ನೋಡಿ. ಸದ್ದು ಕಟ್ಟುವ ಸಿಸೌಂಡ್ ಎಂಬ ಪ್ರೋಗ್ರಾಮಿನಲ್ಲಿ ನನ್ನ 1.414ರ ಗಂಟೆ ಹೀಗೆ:

```
instr 1
  kamp expon 0.3, p3, 0.0001
  kidx expon 10, p3, 0.01
  amod poscil kidx*282.8, 282.8
  acar poscil kamp, 200+amod
  out acar
endin
```

(ಸಿಸೌಂಡ್‌ನಲ್ಲಿ `0dbfs = 1`, `nchnls = 1` ಇರಲಿ.) ಹೊಡೆತ ಅದ್ಭುತ. ಬಾಲ ಕೆಟ್ಟದು. ಕಾರಣ ಎರಡು. ಇಂಡೆಕ್ಸ್ ಇಳಿಯುತ್ತಿದ್ದಂತೆ ಸ್ವರಗಳು ಒಂದೇ ಸಮನೆ ಇಳಿಯುವುದಿಲ್ಲ, ಏರಿಳಿಯುತ್ತವೆ. ಇಂಡೆಕ್ಸ್ 8.65, 5.52, 2.4 ದಾಟುವಾಗ ಕ್ಯಾರಿಯರ್ ಪ್ರತಿ ಸಲವೂ ಪೂರ್ತಿ ಮರೆಯಾಗಿ ಮತ್ತೆ ಬರುತ್ತದೆ. ಕಿವಿಗೆ ಅದು ಯಾರೋ ಬಾಯಿ ತೆರೆದು ಮುಚ್ಚಿದಂತೆ ವಾವ್ ಎನ್ನುತ್ತದೆ. ಎರಡನೆಯದು, ಇಂಡೆಕ್ಸ್ ಸೊನ್ನೆ ತಲುಪಿದಾಗ ಉಳಿಯುವುದು ಒಂಟಿ 200 ಹರ್ಟ್ಸ್ ಸೈನ್. ಗಂಟೆಯ ಕೊನೆಯಲ್ಲಿ ಅವಳಿಗಳು ತೂಗಬೇಕಾದ ಜಾಗದಲ್ಲಿ ಫೋನಿನ ಡಯಲ್ ಟೋನ್. ಚಿಕ್ಕ ಗಂಟೆಗೆ ಇನ್ನೊಂದು ತೊಂದರೆ: ಕ್ಯಾರಿಯರ್ 1500 ಹತ್ತಿರ ಹೋದರೆ ಇಂಡೆಕ್ಸ್ 10ಕ್ಕೆ ಸ್ವರಗಳು ಸ್ಯಾಂಪಲ್ ದರದ ಅರ್ಧವಾದ 24 ಸಾವಿರ ದಾಟಿ ಮಡಚಿಕೊಂಡು ಕೆಳಗೆ ಬೀಳುತ್ತವೆ. ಕೀ ಏರಿಸಿದಾಗ ಕೆಲವು ಸ್ವರ ಇಳಿಯುತ್ತಿದ್ದರೆ ಅದೇ ಎಂದು ತಿಳಿಯಿರಿ.

ಕೊನೆಗೆ ಹಿಡಿದ ದಾರಿ: ಬಾಲ ಅಡಿಟಿವ್‌ಗೆ, ಹೊಡೆತ ಎಫ್‌ಎಂಗೆ. ಮೂಲ 360 ಇಟ್ಟು ರಿಸೆ ಪಟ್ಟಿಯ ಕೆಳಗಿನ ಏಳನ್ನು ಸೈನ್‌ಗಳಾಗಿಯೇ ಉಳಿಸಿದೆ: ಸುಮಾರು 202 ಮತ್ತು ಅದರ ಅವಳಿ, 331 ಮತ್ತು ಅದರ ಅವಳಿ, 428, 612, 720. ಕಿವಿ ಉದ್ದಕ್ಕೂ ಹಿಂಬಾಲಿಸುವುದು ಇವನ್ನೇ. ಮೇಲಿನ ಉಳಿದ ನಾಲ್ಕೂ, ನಾಲ್ಕು ಸೆಕೆಂಡಿನೊಳಗೆ ಸಾಯುವಂಥವು, ಅಲ್ಲಿ ನಿಖರತೆಗಿಂತ ದಟ್ಟಣೆ ಮುಖ್ಯ. ಅವುಗಳ ಜಾಗಕ್ಕೆ ಕ್ಯಾರಿಯರ್ 986, ಮಾಡ್ಯುಲೇಟರ್ 1394ರ ಒಂದು ಜೋಡಿ. ಇಂಡೆಕ್ಸ್ 2ರಿಂದ ಶುರು, 2.4ರ ಕೆಳಗೇ ಇರುವುದರಿಂದ ವಾವ್ ಬರುವುದಿಲ್ಲ.

ಮೊದಲ ಸಲ ಕೇಳಿದಾಗ ಒಡೆದ ಗಂಟೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು: 986ರಿಂದ 1394 ಕಳೆದರೆ ಮರಳಿ ಬರುವುದು 408, ಅದು ಪಕ್ಕದ 428ರ ಜೊತೆ ಸೆಕೆಂಡಿಗೆ 20 ಸಲ ಗುದ್ದಾಡುತ್ತಿತ್ತು. ಮಾಡ್ಯುಲೇಟರ್ ಬದಲಿಸಿ ನೋಡಿದೆ, ಒಂದು ತಪ್ಪಿಸಿದರೆ ಇನ್ನೊಂದು ಬಂದು ತಾಗುತ್ತದೆ. ಆಗ ಫಿಲ್ಟರ್ ತಂದೆ. ಎಫ್‌ಎಂ ಜೋಡಿಗೆ ಮಾತ್ರ 850 ಹರ್ಟ್ಸ್‌ನಲ್ಲಿ, ಅದರ ಕೆಳಗಿನದನ್ನು ತಗ್ಗಿಸುವ ಎರಡು ಹೈಪಾಸ್ ಸರಣಿಯಾಗಿ, ಒಟ್ಟು ಆಕ್ಟೇವಿಗೆ 24 ಡೆಸಿಬಲ್. 408 ಹತ್ತಿರ ಹತ್ತಿರ 25 ಡೆಸಿಬಲ್ ಕೆಳಗೆ ಹೋಯಿತು, ಬಿರುಕಿನ ಸದ್ದು ನಿಂತಿತು. 14 ಸಾವಿರಕ್ಕೆ ಮಾರಿದ ವಿಧಾನ ಇಲ್ಲಿ ನಾಲ್ಕು ಸಾಲಿನ ಕೋಡಾಗಿ ಮರಳಿ ಬಂತು.

ಅವಳಿಗಳ ಅಂತರವನ್ನು ಕೀ ಜೊತೆ ಏರಿಸಬೇಡಿ, ಹರ್ಟ್ಸ್‌ನಲ್ಲೇ ಸ್ಥಿರವಾಗಿಡಿ. ಇಲ್ಲದಿದ್ದರೆ ಮೇಲಿನ ಸ್ವರಗಳಲ್ಲಿ ತೂಗಾಟ ನಡುಕವಾಗುತ್ತದೆ. ಹೊಡೆತ ಜೋರಾದಾಗ ವಾಲ್ಯೂಮಿಗಿಂತ ಹೆಚ್ಚಾಗಿ ಇಂಡೆಕ್ಸ್ ಏರಲಿ, ಮೆಲ್ಲಗೆ ತಟ್ಟಿದರೆ 0.5 ಸಾಕು. ನಾಲಿಗೆ ಕಂಚಿಗೆ ತಾಗುವ ಮೊದಲ ಮೂವತ್ತು ಮಿಲಿಸೆಕೆಂಡಿಗೆ ನಾನು ಬೆರೆಸುವ ಗದ್ದಲದ ಪಾಕ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಮೇಲಿನ ಅಳತೆಗಳಲ್ಲಿ ಗಂಟೆ ನಿಲ್ಲುತ್ತದೆ. ಇಡೀ ಗಂಟೆಗೆ ಬೇಕಾದದ್ದು ಒಂಬತ್ತು ಆಸಿಲೇಟರ್, ಹಳೇ ಲ್ಯಾಪ್‌ಟಾಪಿನಲ್ಲೂ ಹದಿನಾರು ಗಂಟೆಗಳನ್ನು ಒಟ್ಟಿಗೆ ಬಾರಿಸಿದ್ದೇನೆ.